24 ಬಣ್ಣದ ಡಬ್ಬಿಯಲ್ಲಿ ಬಣ್ಣ ಎಷ್ಟು?

ಬಣ್ಣದ ಸೆಟ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಸಂಖ್ಯೆಯ ಮೇಲೆ. 12ಕ್ಕಿಂತ 24 ಒಳ್ಳೆಯದು, 24ಕ್ಕಿಂತ 36 ಇನ್ನೂ ಒಳ್ಳೆಯದು ಅನ್ನಿಸುತ್ತದೆ. ಮಾರುವವರಿಗೂ ಇದು ಗೊತ್ತು. ಅದಕ್ಕೇ ಡಬ್ಬಿಯ ಮೇಲಾಗಲಿ, ಆನ್‌ಲೈನ್ ಅಂಗಡಿಯ ವಿವರದಲ್ಲಾಗಲಿ ಸಂಖ್ಯೆಯೇ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುತ್ತದೆ. ಸಾಮಾನ್ಯವಾಗಿ ಆ ವಿವರ ಹೀಗಿರುತ್ತದೆ: ‘24 ಶೇಡ್, ಆರ್ಟಿಸ್ಟ್ ಕ್ವಾಲಿಟಿ ವಾಟರ್ ಕಲರ್, 5 ಮಿ.ಲೀ. ಟ್ಯೂಬ್, ಬ್ರಷ್ ಉಚಿತ, ನಾನ್-ಟಾಕ್ಸಿಕ್, 3 ವರ್ಷ ಮೇಲ್ಪಟ್ಟವರಿಗೆ.’

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಬಣ್ಣ ಹೇಗೆ ಬೆರೆಯುತ್ತದೆ, ಗೋಡೆಗೆ ಹಾಕಿದ ಚಿತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದು ಈ ಸಾಲಿನಿಂದ ತಿಳಿಯುವುದಿಲ್ಲ. ಅದನ್ನು ಹೇಳುವುದು ಟ್ಯೂಬಿನ ಬದಿಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ ಅಚ್ಚಾಗಿರುವ ಎರಡು ಮೂರು ಅಕ್ಷರ ಮತ್ತು ಒಂದು ಸಂಖ್ಯೆ. ಮೇಲಿನ ವಿವರವನ್ನು ಒಂದೊಂದೇ ತುಂಡಾಗಿ ತೆಗೆದುಕೊಂಡು ಕೊನೆಗೆ ಆ ಸಣ್ಣ ಅಕ್ಷರಗಳನ್ನು ಓದೋಣ.

ಯಾವ ಬಗೆಯ ಬಣ್ಣ?

ಎಲ್ಲ ಬಣ್ಣದಲ್ಲೂ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಬಣ್ಣ ಕೊಡುವ ನುಣ್ಣನೆಯ ಪುಡಿ, ಅಂದರೆ ಪಿಗ್ಮೆಂಟ್. ಇನ್ನೊಂದು, ಆ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಅಂಟು. ಪುಡಿ ಒಂದೇ ಇದ್ದರೂ ಅಂಟು ಬದಲಾದರೆ ಬಣ್ಣದ ಜಾತಿಯೇ ಬದಲಾಗುತ್ತದೆ.

ವಾಟರ್ ಕಲರಿನ ಅಂಟು ಅರಬ್ಬೀ ಗೋಂದು, ಅಂದರೆ ಜಾಲಿಯ ಕುಲಕ್ಕೆ ಸೇರಿದ ಮರದ ಅಂಟು. ಇದು ಒಣಗಿದ ಮೇಲೂ ನೀರಿನಲ್ಲಿ ಕರಗುತ್ತದೆ. ಹಾಗಾಗಿ ತಟ್ಟೆಯಲ್ಲಿ ಒಣಗಿದ ಬಣ್ಣವನ್ನು ಮರುದಿನ ಒದ್ದೆ ಬ್ರಷ್ಷಿನಿಂದ ಎಬ್ಬಿಸಿಕೊಳ್ಳಬಹುದು. ಗಟ್ಟಿಯಾದ ಟ್ಯೂಬನ್ನೂ ಎಸೆಯಬೇಕಿಲ್ಲ. ಬದಿಯಲ್ಲಿ ಸೀಳಿ, ಒಳಗಿನ ತುಂಡನ್ನು ಕೇಕಿನಂತೆ ಬಳಸಬಹುದು. ಪೋಸ್ಟರ್ ಕಲರ್ ಕೂಡ ನೀರಿನಲ್ಲಿ ಕರಗುವಂಥದೇ, ಆದರೆ ಅದು ಅಪಾರದರ್ಶಕ, ಕಾಗದದ ಬಿಳುಪನ್ನು ಪೂರ್ತಿ ಮುಚ್ಚುತ್ತದೆ. ಅಕ್ರಿಲಿಕ್ಕಿನ ಅಂಟು ಒಂದು ಬಗೆಯ ಪ್ಲಾಸ್ಟಿಕ್. ಒಣಗುವವರೆಗೆ ನೀರಿಗೆ ಹೋಗುತ್ತದೆ, ಒಣಗಿದ ಮೇಲೆ ಹೋಗುವುದಿಲ್ಲ. ಶಾಲೆಯ ಸಮವಸ್ತ್ರದ ಮೇಲೆ ಬಿದ್ದು ಒಣಗಿದ ಅಕ್ರಿಲಿಕ್ ಅಲ್ಲೇ ಉಳಿಯುತ್ತದೆ. ತೊಳೆಯದೆ ಬಿಟ್ಟ ಬ್ರಷ್ ಕಡ್ಡಿಯಾಗುತ್ತದೆ.

ಡಬ್ಬಿಗಳು ನೋಡಲು ಒಂದೇ ಥರ ಇರುವುದರಿಂದ ಚಿಕ್ಕ ಮಕ್ಕಳಿಗೆಂದು ಅಕ್ರಿಲಿಕ್ ಕೊಂಡು ತರುವವರು ಬಹಳ. ‘ವಾಟರ್ ಬೇಸ್ಡ್’ ಎಂದು ಬರೆದಿದ್ದರೆ ವಾಟರ್ ಕಲರ್ ಎಂದುಕೊಳ್ಳಬಾರದು. ಅಕ್ರಿಲಿಕ್ ಡಬ್ಬಿಯ ಮೇಲೂ ಅದೇ ಮಾತಿರುತ್ತದೆ. ಮಕ್ಕಳಿಗಾದರೆ ಹುಡುಕಬೇಕಾದ ಮಾತು ‘ವಾಷಬಲ್’.

ಗುಣಮಟ್ಟ ಅಂದರೆ ಏನು?

‘ಆರ್ಟಿಸ್ಟ್ ಕ್ವಾಲಿಟಿ’, ‘ಪ್ರೊಫೆಷನಲ್’, ‘ಪ್ರೀಮಿಯಂ’ ಎಂಬ ಮಾತುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಿಜವಾದ ಕಲಾವಿದರ ದರ್ಜೆಗೂ ವಿದ್ಯಾರ್ಥಿ ದರ್ಜೆಗೂ ಇರುವ ವ್ಯತ್ಯಾಸ ಎರಡು. ಮೊದಲನೆಯದು, ವಿದ್ಯಾರ್ಥಿ ದರ್ಜೆಯಲ್ಲಿ ಪಿಗ್ಮೆಂಟ್ ಕಡಿಮೆ ಹಾಕಿ, ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ತುಂಬುಕವಾಗಿ ಸೇರಿಸುವುದುಂಟು. ಎರಡನೆಯದು, ಕ್ಯಾಡ್ಮಿಯಂ, ಕೋಬಾಲ್ಟ್‌ಗಳಂಥ ದುಬಾರಿ ಪಿಗ್ಮೆಂಟಿನ ಜಾಗದಲ್ಲಿ ಅಗ್ಗದ ಪಿಗ್ಮೆಂಟಿನಿಂದ ಅದೇ ಛಾಯೆ ತರಿಸುವುದು. ಅಂಥ ಬಣ್ಣದ ಹೆಸರಿನ ಕೊನೆಗೆ ‘ಹ್ಯೂ’ ಎಂದಿರುತ್ತದೆ. ‘ಕ್ಯಾಡ್ಮಿಯಂ ಯೆಲ್ಲೋ ಹ್ಯೂ’ ಅಂದರೆ ಕ್ಯಾಡ್ಮಿಯಂ ಇಲ್ಲದ, ಕ್ಯಾಡ್ಮಿಯಂ ಹಳದಿಯಂತೆ ಕಾಣುವ ಬಣ್ಣ. ಇದರಲ್ಲಿ ಮೋಸವಿಲ್ಲ. ಮಕ್ಕಳಿರುವ ಮನೆಗೆ ಕ್ಯಾಡ್ಮಿಯಂ ಬಾರದಿರುವುದೇ ಒಳ್ಳೆಯದು.

ಬಿಳಿ ತುಂಬುಕವನ್ನು ಮನೆಯಲ್ಲೇ ಕಂಡುಹಿಡಿಯಬಹುದು. ದಪ್ಪ ಕಾಗದದ ಮೇಲೆ, ನೀರಿಗೆ ಕದಡದ ಕಪ್ಪು ಮಾರ್ಕರಿನಿಂದ ಒಂದು ಪಟ್ಟೆ ಎಳೆಯಿರಿ. ಅದು ಒಣಗಿದ ಮೇಲೆ ಒಂದೊಂದೇ ಬಣ್ಣವನ್ನು ಸಾಧಾರಣ ನೀರು ಸೇರಿಸಿ ಪಟ್ಟೆಗೆ ಅಡ್ಡಲಾಗಿ ಬಳಿಯಿರಿ. ಪಾರದರ್ಶಕ ಬಣ್ಣ ಕಪ್ಪಿನ ಮೇಲೆ ಹೆಚ್ಚುಕಡಿಮೆ ಕಾಣದಂತೆ ಮಾಯವಾಗುತ್ತದೆ. ತುಂಬುಕ ಜಾಸ್ತಿ ಇದ್ದರೆ ಒಣಗಿದಾಗ ಕಪ್ಪಿನ ಮೇಲೆ ಹಾಲು ಚೆಲ್ಲಿದಂಥ ಪೊರೆ ಉಳಿಯುತ್ತದೆ. ಆದರೆ ಒಂದು ಎಚ್ಚರ: ಯೆಲ್ಲೋ ಆಕರ್‌ನಂಥ ಮಣ್ಣಿನ ಬಣ್ಣಗಳು ಸ್ವಭಾವದಿಂದಲೇ ಸ್ವಲ್ಪ ಅಪಾರದರ್ಶಕ. ಅವು ಗುರುತು ಬಿಟ್ಟರೆ ದೋಷವಲ್ಲ. ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್ ಕೆಂಪು ಕೂಡ ಪೊರೆ ಬಿಟ್ಟರೆ ಡಬ್ಬಿಯಲ್ಲಿರುವುದು ವಾಟರ್ ಕಲರಿಗಿಂತ ತೆಳು ಪೋಸ್ಟರ್ ಕಲರಿಗೆ ಹತ್ತಿರ ಎಂದು ತಿಳಿಯಬಹುದು.

ಟ್ಯೂಬಿನ ಬದಿಯ ಸಂಖ್ಯೆ

ಈಗ ಆ ಸಣ್ಣ ಅಕ್ಷರಗಳು. ಅಲ್ಟ್ರಾಮರೀನ್ ಟ್ಯೂಬಿನ ಮೇಲೆ PB29 ಎಂದಿರುತ್ತದೆ. ಮೊದಲ ಅಕ್ಷರ ಪಿಗ್ಮೆಂಟ್ ಎಂಬುದಕ್ಕೆ, ಎರಡನೆಯದು ನೀಲಿ ಎಂಬುದಕ್ಕೆ, 29 ಅದರ ಕ್ರಮಸಂಖ್ಯೆ. ಕೆಂಪಿಗೆ PR, ಹಳದಿಗೆ PY, ಹಸಿರಿಗೆ PG, ನೇರಳೆಗೆ PV, ಕಂದಿಗೆ PBr, ಕಪ್ಪಿಗೆ PBk, ಬಿಳಿಗೆ PW. ಇದು ಕಲರ್ ಇಂಡೆಕ್ಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯ ಸಂಖ್ಯೆ. ಬ್ರಿಟನ್ ಮತ್ತು ಅಮೆರಿಕದ ಬಣ್ಣಗಾರಿಕೆ ತಜ್ಞರ ಎರಡು ಸಂಘಗಳು ಸೇರಿ ಇದನ್ನು ನಡೆಸುತ್ತವೆ. ಕಂಪನಿಗಳು ಬಣ್ಣಕ್ಕೆ ಏನು ಹೆಸರಾದರೂ ಇಡಲಿ, ಒಳಗಿರುವ ಪುಡಿ ಯಾವುದು ಎಂಬುದನ್ನು ಈ ಸಂಖ್ಯೆ ಹೇಳಿಬಿಡುತ್ತದೆ.

ಹೆಸರನ್ನು ನಂಬಿ ಕೆಡುವುದಕ್ಕೆ ಒಳ್ಳೆಯ ಉದಾಹರಣೆ ಅಲಿಜರಿನ್ ಕ್ರಿಮ್ಸನ್. ಗುಲಾಬಿಯ ಗಾಢ ಕೆಂಪಿನ ಈ ಬಣ್ಣ ಬಹುತೇಕ ಎಲ್ಲ ಸೆಟ್ಟಿನಲ್ಲೂ ಇರುತ್ತದೆ. ಮೂಲ ಅಲಿಜರಿನ್ PR83. ಮಂಜಿಷ್ಠದ ಬೇರಿನಲ್ಲಿ ಸಿಗುತ್ತಿದ್ದ ಈ ಬಣ್ಣವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್‌ಮನ್ 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ನೋಡಲು ಸೊಗಸು, ಆದರೆ ತೆಳುವಾಗಿ ಬಳಿದರೆ ಬೆಳಕಿಗೆ ಮಾಸಿಹೋಗುತ್ತದೆ. ಇಂದು ಹಲವು ಕಂಪನಿಗಳು ಅದರ ಬದಲು ಗಟ್ಟಿಗನಾದ PV19 ಬಳಸಿ ಅದೇ ಛಾಯೆ ತರುತ್ತವೆ. ಎರಡು ಟ್ಯೂಬಿನ ಮೇಲೂ ‘ಕ್ರಿಮ್ಸನ್’ ಎಂದೇ ಇರಬಹುದು. ಒಂದು ಬಾಳುತ್ತದೆ, ಇನ್ನೊಂದು ಬಾಳುವುದಿಲ್ಲ.

ಸಂಖ್ಯೆಗೂ ಒಂದು ಮಿತಿಯಿದೆ. ಒಂದೇ ಸಂಖ್ಯೆಯ ಪಿಗ್ಮೆಂಟ್ ತಯಾರಿಕೆಯ ಕ್ರಮಕ್ಕೆ ತಕ್ಕಂತೆ ಬೇರೆ ಬೇರೆ ಛಾಯೆ ಕೊಡಬಹುದು. PV19 ಗುಲಾಬಿಯಾಗಿಯೂ ಸಿಗುತ್ತದೆ, ನೇರಳೆಯಾಗಿಯೂ ಸಿಗುತ್ತದೆ. ಆದ್ದರಿಂದ ಸಂಖ್ಯೆ ಓದಿದ ಮೇಲೂ ಶೇಡ್ ಕಾರ್ಡ್ ನೋಡಲೇಬೇಕು.

ಸಂಖ್ಯೆಯ ಪಕ್ಕದಲ್ಲಿ ನಕ್ಷತ್ರಗಳೋ ರೋಮನ್ ಅಂಕಿಯೋ ಇರುತ್ತವೆ. ಬಣ್ಣ ಬೆಳಕನ್ನು ಎಷ್ಟು ತಾಳುತ್ತದೆ ಎಂಬ ಗುರುತು ಇದು. ರೋಮನ್ ಒಂದು ಮತ್ತು ಎರಡು ಅಮೆರಿಕದ ಎಎಸ್‌ಟಿಎಂ ಮಾನದಂಡದ ಪ್ರಕಾರ ಅತ್ಯುತ್ತಮ ಮತ್ತು ಬಹಳ ಒಳ್ಳೆಯದು. ಮೂರಕ್ಕೆ ಇಳಿದರೆ ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ. ನಕ್ಷತ್ರಗಳಾದರೆ ಅದು ಕಂಪನಿಯದೇ ಲೆಕ್ಕ. ಎಷ್ಟಕ್ಕೆ ಎಷ್ಟು ಎಂದು ಅವರ ಶೇಡ್ ಕಾರ್ಡಿನಲ್ಲೇ ನೋಡಬೇಕು.

ಸೆಟ್ಟಿನ ವಿವರದಲ್ಲಾಗಲಿ, ಟ್ಯೂಬಿನ ಮೇಲಾಗಲಿ, ಕಂಪನಿಯ ಶೇಡ್ ಕಾರ್ಡಿನಲ್ಲಾಗಲಿ ಎಲ್ಲೂ ಪಿಗ್ಮೆಂಟ್ ಸಂಖ್ಯೆ ಇಲ್ಲದಿದ್ದರೆ ಅದೂ ಒಂದು ಮಾಹಿತಿಯೇ. ಮಕ್ಕಳ ಡಬ್ಬಿಯಾದರೆ ತೊಂದರೆಯಿಲ್ಲ. ‘ಪ್ರೊಫೆಷನಲ್’ ಎಂದು ಹೇಳಿಕೊಂಡು ಸಂಖ್ಯೆ ಕೊಡದಿದ್ದರೆ ಆ ಮಾತಿಗೆ ಬೆಲೆ ಕೊಡಬೇಕಿಲ್ಲ.

24ರಲ್ಲಿ ಉಳಿಯುವುದು 13

ಈಗ ಒಂದು ಸೆಟ್ಟನ್ನು ಬಿಡಿಸಿ ನೋಡೋಣ. ಇದು ಯಾವುದೋ ಒಂದು ಕಂಪನಿಯ ಡಬ್ಬಿಯಲ್ಲ. ಇಂಥ ಸೆಟ್ಟುಗಳಲ್ಲಿ ಮತ್ತೆ ಮತ್ತೆ ಕಾಣುವ ಬಣ್ಣಗಳ ಮಾದರಿ. ಕಿತ್ತಳೆಯೂ ಸೇರಿ ಹಳದಿಯ ಕಡೆ ನಾಲ್ಕು, ಕೆಂಪು ನಾಲ್ಕು, ನೀಲಿ ನಾಲ್ಕು, ಹಸಿರು ನಾಲ್ಕು, ನೇರಳೆ ಒಂದು, ಕಂದು ನಾಲ್ಕು, ಮತ್ತೆ ಕಪ್ಪು, ಬಿಳಿ ಮತ್ತು ಪೇನ್ಸ್ ಗ್ರೇ ಎಂಬ ನೀಲಿ ಬೂದು. ಒಟ್ಟು 24.

ವಾಟರ್ ಕಲರಿನಲ್ಲಿ ಬಿಳಿ ಅಂದರೆ ಕಾಗದ, ಹಾಗಾಗಿ ಬಿಳಿ ಟ್ಯೂಬು ಹೆಚ್ಚು ಖರ್ಚಾಗುವುದಿಲ್ಲ. ಕಪ್ಪೂ ಬೇಕಿಲ್ಲ, ಕಾರಣ ಮುಂದೆ ಬರುತ್ತದೆ. ಪೇನ್ಸ್ ಗ್ರೇ ಸಾಮಾನ್ಯವಾಗಿ ನೀಲಿಗೆ ಕಪ್ಪು ಬೆರೆಸಿದ್ದು, ಸೀಪಿಯಾ ಕಂದಿಗೆ ಕಪ್ಪು ಬೆರೆಸಿದ್ದು. ನಾಲ್ಕು ಹಸಿರಿನಲ್ಲಿ ಒಂದು ಮಾತ್ರ ಮೂಲ, ಅದು PG7. ಸ್ಯಾಪ್ ಗ್ರೀನ್, ಲೀಫ್ ಗ್ರೀನ್, ಡಾರ್ಕ್ ಗ್ರೀನ್ ಮೂರೂ ಅದಕ್ಕೇ ಹಳದಿಯೋ ಮತ್ತೊಂದೋ ಸೇರಿಸಿ ಮಾಡಿದವು. ಕಿತ್ತಳೆ ಅಂದರೆ ಹಳದಿ ಮತ್ತು ಕೆಂಪು. ನೀಲಿಯಲ್ಲಿ ಕೋಬಾಲ್ಟ್ ಹ್ಯೂ, ಸೆರೂಲಿಯನ್ ಹ್ಯೂ ಎರಡೂ ಸೆಟ್ಟಿನ ಬೇರೆ ನೀಲಿಗೆ ಬಿಳಿ ಕೂಡಿಸಿದವು. ಲೈಟ್ ರೆಡ್ ಮತ್ತು ಬರ್ನ್ಟ್ ಸಿಯೆನ್ನಾ ಎರಡೂ PR101 ಆಗಿದ್ದರೆ ಒಂದಿದ್ದರೆ ಸಾಕು. ಹೀಗೆ ಹನ್ನೊಂದು ಹೋಗಿ ಹದಿಮೂರು ಉಳಿಯಿತು.

ಮೊದಲೇ ಬೆರೆಸಿದ ಬಣ್ಣ ಇದ್ದರೆ ಅನುಕೂಲವಲ್ಲವೇ ಎಂದು ಕೇಳಬಹುದು. ತೊಂದರೆ ಬರುವುದು ಅದನ್ನು ಮತ್ತೆ ಬೆರೆಸುವಾಗ. ಸ್ಯಾಪ್ ಗ್ರೀನಿನಲ್ಲಿ ಎರಡು ಪಿಗ್ಮೆಂಟ್, ಅದಕ್ಕೆ ಎರಡು ಪಿಗ್ಮೆಂಟಿನ ಕಿತ್ತಳೆ ಸೇರಿಸಿದರೆ ತಟ್ಟೆಯಲ್ಲಿ ನಾಲ್ಕು. ಒಂದೊಂದು ಪಿಗ್ಮೆಂಟೂ ಬೆಳಕಿನ ಒಂದೊಂದು ಪಾಲನ್ನು ನುಂಗುತ್ತದೆ. ಹೆಚ್ಚು ಸೇರಿದಷ್ಟೂ ಕಾಗದದಿಂದ ವಾಪಸು ಬರುವ ಬೆಳಕು ಕಡಿಮೆಯಾಗಿ ಬಣ್ಣ ಕೆಸರಾಗುತ್ತದೆ. ‘ನನ್ನ ಚಿತ್ರ ಯಾವಾಗಲೂ ಮಂಕಾಗಿ ಬರುತ್ತದೆ’ ಎನ್ನುವ ವಿದ್ಯಾರ್ಥಿಗಳ ಸೆಟ್ಟನ್ನು ಒಮ್ಮೆ ನೋಡಬೇಕು. ಎಷ್ಟೋ ಸಲ ತಪ್ಪು ಕೈಯದಲ್ಲ.

ಅದೇ ದುಡ್ಡಿಗೆ ಒಂದೊಂದೇ ಪಿಗ್ಮೆಂಟಿನ ಆರು ಟ್ಯೂಬು ಬಿಡಿಯಾಗಿ ಕೊಂಡರೆ ಹೇಗೆ? PY3 ನಿಂಬೆ ಹಳದಿ, PY42 ಯೆಲ್ಲೋ ಆಕರ್, PV19 ಗುಲಾಬಿ, PB29 ಅಲ್ಟ್ರಾಮರೀನ್, PB15 ಥ್ಯಾಲೋ ನೀಲಿ, ಮತ್ತು PBr7 ಅಥವಾ PR101ರ ಬರ್ನ್ಟ್ ಸಿಯೆನ್ನಾ. ನಿಂಬೆ ಹಳದಿಗೆ ಥ್ಯಾಲೋ ನೀಲಿ ಸೇರಿದರೆ ನಾಟಿ ಮಾಡಿದ ಗದ್ದೆಯ ಎಳೆ ಹಸಿರು. ಅದಕ್ಕೆ ಚೂರು ಸಿಯೆನ್ನಾ ಬಿದ್ದರೆ ಮಾವಿನ ತೋಪಿನ ಹಸಿರು. ಗುಲಾಬಿಗೆ ಅಲ್ಟ್ರಾಮರೀನ್ ಸೇರಿದರೆ ತಿಳಿ ನೇರಳೆ. ಗುಲಾಬಿಗೆ ನಿಂಬೆ ಹಳದಿ ಸೇರಿದರೆ ಕಿತ್ತಳೆಯಿಂದ ಕೆಂಪಿನವರೆಗೆ. ಸಿಯೆನ್ನಾಕ್ಕೆ ಸ್ವಲ್ಪ ಗುಲಾಬಿ ಸೇರಿದರೆ ಕರಾವಳಿಯ ಮುರಕಲ್ಲು. ಅಲ್ಟ್ರಾಮರೀನಿಗೆ ಸಿಯೆನ್ನಾ ದಪ್ಪವಾಗಿ ಬೆರೆಸಿದರೆ ಹತ್ತಿರ ಹತ್ತಿರ ಕಪ್ಪು, ನೀರು ಹೆಚ್ಚಿಸಿದರೆ ಮಳೆಮೋಡದ ಬೂದು. ಕಪ್ಪು ಟ್ಯೂಬು ಬೇಡ ಎಂದದ್ದು ಇದಕ್ಕೇ.

ಥ್ಯಾಲೋ ನೀಲಿಯ ವಿಷಯದಲ್ಲಿ ಹುಷಾರಾಗಿರಬೇಕು. ಅದರ ಶಕ್ತಿ ಬಹಳ. ಹಳದಿಗೆ ನೀಲಿ ಸೇರಿಸಬೇಕೇ ಹೊರತು ನೀಲಿಗೆ ಹಳದಿ ಸುರಿಯುತ್ತಾ ಹೋದರೆ ಅರ್ಧ ಟ್ಯೂಬು ಮುಗಿದರೂ ಬೇಕಾದ ಹಸಿರು ಸಿಗುವುದಿಲ್ಲ.

ಡಬ್ಬಿಯೊಳಗೆ ಏನೇನಿದೆ?

5 ಮಿ.ಲೀ.ಯ 24 ಟ್ಯೂಬು ಅಂದರೆ 120 ಮಿ.ಲೀ. ಬಣ್ಣ. ಲೆಕ್ಕಕ್ಕೆ ದೊಡ್ಡದು, ಆದರೆ ಖರ್ಚು ಸಮನಾಗಿ ಆಗುವುದಿಲ್ಲ. ನಿಸರ್ಗದೃಶ್ಯ ಬರೆಯುವವರಿಗೆ ನೀಲಿ ಮತ್ತು ಹಳದಿ ಮೊದಲು ಮುಗಿಯುತ್ತವೆ, ಅರ್ಧ ಟ್ಯೂಬುಗಳು ಮುಟ್ಟದೆ ಉಳಿಯುತ್ತವೆ. ಆದ್ದರಿಂದ ಸೆಟ್ ಕೊಳ್ಳುವ ಮುಂಚೆ ಅದೇ ಬಣ್ಣ ಬಿಡಿ ಟ್ಯೂಬಾಗಿ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಸಿಗದಿದ್ದರೆ ನೀಲಿ ಮುಗಿದ ದಿನ ಇನ್ನೊಂದು ಸೆಟ್ಟೇ ತರಬೇಕಾಗುತ್ತದೆ.

ಕೇಕ್ ಅಥವಾ ಪ್ಯಾನ್ ಅಂದರೆ ಒಣಗಿಸಿ ಅಚ್ಚಿಗೆ ಹಾಕಿದ ಬಣ್ಣ. ಹೊತ್ತೊಯ್ಯಲು ಸುಲಭ, ಚೆಲ್ಲುವುದಿಲ್ಲ. ದೊಡ್ಡ ಹಾಳೆಗೆ ಆಕಾಶ ಬಳಿಯುವಾಗ ಮಾತ್ರ ಬೇಕಾದಷ್ಟು ಬಣ್ಣ ಎಬ್ಬಿಸಲು ಬ್ರಷ್ ತಿಕ್ಕಿ ತಿಕ್ಕಿ ಸಾಕಾಗುತ್ತದೆ. ಅಂಥ ಕೆಲಸಕ್ಕೆ ಟ್ಯೂಬೇ ಸರಿ. ಖಾಲಿ ಪ್ಯಾನಿಗೆ ಟ್ಯೂಬಿನ ಬಣ್ಣ ಹಿಂಡಿ ಕೆಲವು ದಿನ ಒಣಗಲು ಬಿಟ್ಟರೆ ಎರಡರ ಅನುಕೂಲವೂ ಸಿಗುತ್ತದೆ.

ಉಚಿತ ಬ್ರಷ್ಷನ್ನು ನಂಬುವಂತಿಲ್ಲ. ಅದನ್ನು ನೀರಿನಲ್ಲಿ ಅದ್ದಿ ಒಮ್ಮೆ ಕೊಡವಿ ನೋಡಿ. ಕೂದಲೆಲ್ಲ ಕೂಡಿ ಚೂಪಾದ ತುದಿಯಾದರೆ ಪರವಾಗಿಲ್ಲ. ಎರಡಾಗಿ ಸೀಳಿದರೆ, ಹರಡಿ ನಿಂತರೆ ಅಂಟು ಹಚ್ಚಲು ಇಟ್ಟುಕೊಳ್ಳಬಹುದು. ದುಂಡು ತುದಿಯ 8ನೇ ನಂಬರಿನ ಒಳ್ಳೆಯ ಬ್ರಷ್ ಒಂದಿದ್ದರೆ ಹೆಚ್ಚಿನ ಕೆಲಸ ಸಾಗುತ್ತದೆ.

ಸೆಟ್ಟಿನಲ್ಲಿ ಸಾಮಾನ್ಯವಾಗಿ ಇರದ, ಆದರೆ ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವ ವಸ್ತು ಕಾಗದ. ಮಾಮೂಲಿ ಡ್ರಾಯಿಂಗ್ ಶೀಟ್ ನೀರು ಬಿದ್ದೊಡನೆ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. 300 ಜಿಎಸ್ಎಂ ವಾಟರ್ ಕಲರ್ ಕಾಗದಕ್ಕೆ ಈ ತೊಂದರೆ ಕಡಿಮೆ. ದುಡ್ಡು ಇಷ್ಟೇ ಎಂದಿದ್ದಾಗ ದುಬಾರಿ ಬಣ್ಣ ಮತ್ತು ತೆಳು ಕಾಗದಕ್ಕಿಂತ ವಿದ್ಯಾರ್ಥಿ ದರ್ಜೆಯ ಬಣ್ಣ ಮತ್ತು ಒಳ್ಳೆಯ ಕಾಗದವೇ ಮೇಲು.

3+ ಅಂದರೆ ಯಾರಿಗೆ?

‘3 ವರ್ಷ ಮೇಲ್ಪಟ್ಟವರಿಗೆ’ ಎಂಬುದು ಕೌಶಲ್ಯದ ಮಾತಲ್ಲ. ಟ್ಯೂಬಿನ ಮುಚ್ಚಳದಂಥ ಸಣ್ಣ ತುಂಡುಗಳು ಪುಟ್ಟ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂಬ ಎಚ್ಚರಿಕೆ ಅದು. ಡಬ್ಬಿಯ ಮೇಲೆ ‘ಎಎಸ್‌ಟಿಎಂ ಡಿ-4236ಕ್ಕೆ ಅನುಗುಣ’ ಎಂದಿದ್ದರೆ ವಿಷವಿಲ್ಲ ಎಂದು ಹಲವರು ತಿಳಿಯುತ್ತಾರೆ. ಅದರ ಅರ್ಥ ಅಷ್ಟಲ್ಲ. ದೀರ್ಘಕಾಲದ ಅಪಾಯಗಳನ್ನು ತಜ್ಞರು ಪರಿಶೀಲಿಸಿದ್ದಾರೆ, ಅಪಾಯವಿದ್ದರೆ ಎಚ್ಚರಿಕೆಯನ್ನು ಮುದ್ರಿಸಲಾಗಿದೆ ಎಂದಷ್ಟೇ. ಎಚ್ಚರಿಕೆಯ ಸಾಲು ಇದೆಯೇ ಎಂದು ಮುಂದೆ ಓದಬೇಕು. ಎಪಿ ಎಂಬ ದುಂಡು ಮುದ್ರೆ ಇದ್ದರೆ ಮಾತ್ರ ವಿಷಕಾರಿಯಲ್ಲ ಎಂದು ಪ್ರಮಾಣೀಕರಿಸಿದ ಹಾಗೆ. ನಮ್ಮಲ್ಲಿ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯವಾಗಿದೆ. ಬಣ್ಣದ ಕಿಟ್ಟನ್ನು ಆಟಿಕೆಯೆಂದೇ ಮಾರುತ್ತಿದ್ದರೆ ಆ ಗುರುತನ್ನೂ ನೋಡಬೇಕು.

ಹಾಗಾದರೆ ಯಾರಿಗೆ ಯಾವುದು? ಆರೇಳು ವರ್ಷದವರೆಗಿನ ಮಕ್ಕಳಿಗೆ ತೊಳೆದರೆ ಹೋಗುವ ಕೇಕ್ ಬಣ್ಣ, 12 ಇದ್ದರೆ ಹೆಚ್ಚಾಯಿತು. ಪಿಗ್ಮೆಂಟಿನ ಚಿಂತೆ ಇಲ್ಲಿ ಬೇಡ. ಡ್ರಾಯಿಂಗ್ ಪರೀಕ್ಷೆಗೆ ಕೂರುವ ಪ್ರೌಢಶಾಲೆಯ ಮಕ್ಕಳಿಗೆ ವಿದ್ಯಾರ್ಥಿ ದರ್ಜೆಯ 12 ಟ್ಯೂಬು ಸಾಕು. ವಿನ್ಯಾಸದ ಪತ್ರಿಕೆಗೆ ಸಮತಟ್ಟಾದ ಬಣ್ಣ ಬೇಕಾಗುವುದರಿಂದ ಪೋಸ್ಟರ್ ಕಲರ್ ಬೇರೆ ಇರಲಿ. ದೊಡ್ಡವರಾಗಿ ಗಂಭೀರವಾಗಿ ಕಲಿಯಲು ಹೊರಟವರಿಗೆ ಮೇಲೆ ಹೇಳಿದ ಆರು. ಬೆಂಗಳೂರಿನ ಚಿತ್ರಸಂತೆಯಲ್ಲಿ ತಮ್ಮ ಚಿತ್ರ ಮಾರುವವರಿಗೆ ಬೆಳಕು ತಾಳುವ ಬಣ್ಣ ಇಷ್ಟದ ಮಾತಲ್ಲ, ಕೊಂಡವರಿಗೆ ಸಲ್ಲಬೇಕಾದದ್ದು.

ಕಿಟಕಿಯ ಪರೀಕ್ಷೆ

ಸಂಖ್ಯೆಯೂ ಇಲ್ಲದ, ನಕ್ಷತ್ರವೂ ಇಲ್ಲದ ಸೆಟ್ ಈಗಾಗಲೇ ಮನೆಯಲ್ಲಿದ್ದರೆ ಬಿಸಿಲಿಗೇ ಕೇಳಬಹುದು. ಇದು ಹಳೆಯ ವಿಧಾನ. ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು ಬಿಸಿಲಿಗೆ ಒಡ್ಡಿ, 1888ರಲ್ಲಿ ವರದಿ ಕೊಟ್ಟರು. ಅಂದು ಬಳಕೆಯಲ್ಲಿದ್ದ ಬಹಳಷ್ಟು ಬಣ್ಣಗಳು ಮಾಸಿದ್ದವು. ಬೆಳಕಿನ ಜೊತೆ ತೇವವೂ ಗಾಳಿಯೂ ಸೇರಿದರೆ ಮಾಸುವುದು ಹೆಚ್ಚು ಎಂಬುದೂ ಅವರಿಗೆ ಕಂಡಿತು. ಮಂಗಳೂರು, ಕಾರವಾರದ ಕಡೆ ಚಿತ್ರ ತೂಗುಹಾಕುವವರು ಇದನ್ನು ನೆನಪಿಡಬೇಕು.

ಒಳ್ಳೆಯ ಕಾಗದದ ಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಪಟ್ಟೆ ಬಳಿಯಿರಿ. ಒಂದು ತುದಿ ದಪ್ಪ, ಇನ್ನೊಂದು ತುದಿ ನೀರು ನೀರು. ತೆಳುವಾದ ಕಡೆ ಪಿಗ್ಮೆಂಟ್ ಕಡಿಮೆ ಇರುವುದರಿಂದ ಮಾಸುವುದು ಅಲ್ಲೇ ಮೊದಲು ಕಾಣುತ್ತದೆ. ಒಣಗಿದ ಮೇಲೆ ಪ್ರತಿ ಪಟ್ಟೆಯನ್ನೂ ಉದ್ದುದ್ದ ಎರಡಾಗಿ ಕತ್ತರಿಸಿ, ಎರಡರ ಹಿಂದೆಯೂ ಹೆಸರು, ತಾರೀಖು ಬರೆಯಿರಿ. ಒಂದು ಅರ್ಧ ಪುಸ್ತಕದೊಳಗೆ, ಇನ್ನೊಂದು ನೇರ ಬಿಸಿಲು ಬೀಳುವ ಕಿಟಕಿಯ ಗಾಜಿಗೆ. ಫೆಬ್ರವರಿಯಿಂದ ಮೇವರೆಗಿನ ಬಿಸಿಲಾದರೆ ಉತ್ತರ ಬೇಗ ಸಿಗುತ್ತದೆ, ಮಳೆಗಾಲದಲ್ಲಿ ತಡ. ವಾರಕ್ಕೊಮ್ಮೆ ಎರಡು ಅರ್ಧವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸಾಮಾನ್ಯವಾಗಿ ಮೊದಲು ಸೋಲುವುದು ಕಣ್ಣು ಕುಕ್ಕುವ ಗುಲಾಬಿ ಮತ್ತು ನೇರಳೆ, ಅದರಲ್ಲೂ ಫ್ಲೋರೊಸೆಂಟ್ ಛಾಯೆಗಳು. ಅಲ್ಟ್ರಾಮರೀನ್, ಆಕರ್, ಸಿಯೆನ್ನಾಗಳು ಕದಲುವುದಿಲ್ಲ. ಮಾಸಿದ ಬಣ್ಣವನ್ನು ಎಸೆಯಬೇಕೆಂದಿಲ್ಲ. ಸ್ಕೆಚ್ ಪುಸ್ತಕ ಮುಚ್ಚಿಡುವಂಥದು, ಅಲ್ಲಿ ಅದು ಎಷ್ಟೋ ಕಾಲ ಚೆನ್ನಾಗಿಯೇ ಇರುತ್ತದೆ. ಗೋಡೆಗೆ ಹೋಗುವ ಚಿತ್ರಕ್ಕೆ ಮಾತ್ರ ಬೇಡ. ಬಾಳುವ ಬಣ್ಣವಾದರೂ ಬಿಸಿಲು ಬೀಳುವ ಗೋಡೆ ಬೇಡ. ಕಾಗದದ ಮೇಲಿನ ಚಿತ್ರಗಳನ್ನು ವಸ್ತುಸಂಗ್ರಹಾಲಯಗಳೇ 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಡುತ್ತವೆ. ಪರೀಕ್ಷೆ ಮುಗಿದ ಪಟ್ಟಿಗಳನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ. ಕಂಪನಿ ಬರೆಯದೆ ಬಿಟ್ಟ ವಿವರ ಅಲ್ಲಿರುತ್ತದೆ, ಮುಂದಿನ ಸಲ ಯಾವ ಟ್ಯೂಬನ್ನು ಬಿಡಿಯಾಗಿ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿಯೂ ಅದೇ ಆಗುತ್ತದೆ.